ನೋಡೋಣ ಅಂದರೆ ಏನು?

ಮೈಸೂರು
ಮೇ 17

ಚಿ. ಪುಟ್ಟಿಗೆ, ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಸಂದೇಶವನ್ನು ಎರಡು ಸಲ ಓದಿದೆ. ಜೂನ್ 30ಕ್ಕೆ ಇಂಟರ್ನ್‌ಶಿಪ್ ಮುಗಿಯುತ್ತದೆ, ಮುಂದಿನದರ ಬಗ್ಗೆ ಮ್ಯಾನೇಜರ್ 'ನೋಡೋಣ' ಎಂದಷ್ಟೇ ಹೇಳಿದ್ದಾರೆ ಎಂದು ಬರೆದಿದ್ದೀಯ. ಕಾಯಂ ಮಾಡಿಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿದರೆ ದುರಾಸೆಯವಳು ಎಂದುಕೊಂಡಾರೇನೋ ಎಂಬುದು ನಿನ್ನ ಅಳುಕು. ಹಾಗೆ ಯಾರೂ ಎಂದುಕೊಳ್ಳುವುದಿಲ್ಲ. ನಿನ್ನ ಮ್ಯಾನೇಜರ್ ಕುಳಿತಿರುವಂಥ ಕುರ್ಚಿಯಲ್ಲಿ ನಾನೂ ಹದಿನಾಲ್ಕು ವರ್ಷ ಕುಳಿತಿದ್ದೇನೆ. ಕೇಳಿದವರ ಮೇಲೆ ಸಿಟ್ಟು ಬಂದ ನೆನಪಿಲ್ಲ. ಕೇಳದೆ ಸುಮ್ಮನಿದ್ದವರನ್ನು ಕೆಲಸದ ಗಡಿಬಿಡಿಯಲ್ಲಿ ಮರೆತದ್ದು ಮಾತ್ರ ಉಂಟು.

ನೀನು ಒಂದೇ ಪ್ರಶ್ನೆ ಎಂದುಕೊಂಡಿರುವುದು ನಿಜವಾಗಿ ಎರಡು. ನಿನ್ನ ಕೆಲಸ ಅವರಿಗೆ ಒಪ್ಪಿಗೆಯಾಗಿದೆಯೇ ಎಂಬುದು ಒಂದು. ನಿನ್ನನ್ನು ಕೂರಿಸಲು ಅವರ ಬಳಿ ಹುದ್ದೆ ಇದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಿನ್ನ ಮ್ಯಾನೇಜರ್ ಉತ್ತರ ಕೊಡಬಲ್ಲರು. ಎರಡನೆಯದು ಬಹುಮಟ್ಟಿಗೆ ಅವರ ಕೈಯಲ್ಲಿಲ್ಲ. ಈ ವರ್ಷ ಆ ತಂಡಕ್ಕೆ ಎಷ್ಟು ಜನ ಎಂಬ ಲೆಕ್ಕವನ್ನು ಮೇಲಿನವರೂ ಹಣಕಾಸು ವಿಭಾಗದವರೂ ಕೂಡಿ ಮಂಜೂರು ಮಾಡಿರುತ್ತಾರೆ. ಅದನ್ನೇ ಹೆಡ್‌ಕೌಂಟ್ ಎನ್ನುವುದು. ಒಪ್ಪಿಗೆ ಇದ್ದು ಹುದ್ದೆ ಇಲ್ಲದಾಗ ಮ್ಯಾನೇಜರ್ ಬಾಯಿಂದ ಬರುವ ಮಾತೇ ನೀನು ಬರೆದ ಆ 'ನೋಡೋಣ'. ಕೆಲಸ ಹಿಡಿಸದಿದ್ದಾಗಲೂ ಅದೇ ಮಾತು ಬರುತ್ತದೆ. ಆದ್ದರಿಂದ ಎರಡನ್ನೂ ಬಿಡಿಸಿ ಕೇಳಬೇಕು.

ಈ ವಾರವೇ ಅರ್ಧ ಗಂಟೆ ಸಮಯ ಕೇಳಿಕೊ. ಇನ್ನೂ ಆರು ವಾರಗಳಿವೆ, ತಡವಾಗಿಲ್ಲ. ಹೀಗೆ ಕೇಳಬಹುದು: "ನನಗೆ ಇಲ್ಲೇ ಮುಂದುವರಿಯುವ ಇಷ್ಟವಿದೆ. ನನ್ನ ಕೆಲಸದ ಮಟ್ಟಿಗೆ ನಿಮಗೆ ಇನ್ನೇನಾದರೂ ಅನುಮಾನ ಉಳಿದಿದೆಯೇ? ತಂಡದಲ್ಲಿ ಹುದ್ದೆ ಮಂಜೂರಾಗಿದೆಯೇ? ತೀರ್ಮಾನ ಯಾರದು, ಯಾವ ದಿನಾಂಕದೊಳಗೆ?" ಅಷ್ಟು ಸಾಕು. ಕೊನೆಯ ಪ್ರಶ್ನೆಯನ್ನು ಮಾತ್ರ ನುಂಗಬೇಡ. ದಿನಾಂಕ ಹೇಳಲಾಗದವರ ಬಳಿ ಹೆಚ್ಚಾಗಿ ಹುದ್ದೆಯೂ ಇರುವುದಿಲ್ಲ. ಹೊರಗೆ ಬಂದ ಮೇಲೆ, "ನೀವು ಹೇಳಿದಂತೆ ಜೂನ್ 10ರ ಹೊತ್ತಿಗೆ ತಿಳಿಯುತ್ತದೆ, ಅಷ್ಟರಲ್ಲಿ ಇಂಥ ಕೆಲಸ ಮುಗಿಸುತ್ತೇನೆ" ಎಂದು ಎರಡು ಸಾಲಿನ ಇಮೇಲ್ ಕಳುಹಿಸು.

ಇದೆಲ್ಲ ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ತರಬೇತಿಯ ಆರು ತಿಂಗಳಲ್ಲಿ, ಒಳ್ಳೆಯ ಕೆಲಸ ತಾನಾಗಿ ಕಾಣುತ್ತದೆ ಎಂದು ನಂಬಿ ಬಾಯಿ ಬಿಡಲಿಲ್ಲ. ಕೊನೆಯ ಶುಕ್ರವಾರ ಕೇಳಿದಾಗ ಮೇಲಧಿಕಾರಿ, "ಕಾಯಂ ಮಾಡುವವರ ಹೆಸರುಗಳು ಹೋದ ತಿಂಗಳೇ ಮೇಲಕ್ಕೆ ಹೋದವಲ್ಲ, ನೀನು ಎಂ.ಟೆಕ್‌ಗೆ ಹೋಗುತ್ತೀಯ ಎಂದುಕೊಂಡಿದ್ದೆ" ಎಂದರು. ಸೋಮವಾರ ಲಂಚ್ ಡಬ್ಬಿ ತರಲು ಹೋದರೆ ಗೇಟಿನಲ್ಲಿ ಕಾರ್ಡು ಕೆಂಪು ದೀಪ ತೋರಿಸಿತು. ಡಬ್ಬಿಯನ್ನು ಕಾವಲುಗಾರರೇ ತಂದುಕೊಟ್ಟರು.

ಆ ಹೆಸರುಗಳ ಪಟ್ಟಿ ಹೇಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಬಹಳ ಕಾಲದ ನಂತರ, ನಾನೇ ಅದರ ಮುಂದೆ ಕುಳಿತಾಗ. ಒಂದು ಸಲ ಹುದ್ದೆ ಒಂದೇ, ಹುಡುಗರು ಇಬ್ಬರು. ನನ್ನ ತಂಡದವನ ಎದುರು ನಾನು "ಚುರುಕು, ಬೇಗ ಕಲಿಯುತ್ತಾನೆ" ಎಂದು ಬರೆದಿದ್ದೆ. ಪಕ್ಕದ ತಂಡದವರು ತಮ್ಮವನ ಎದುರು "ರಾತ್ರಿ ತಯಾರಾಗುವ ವರದಿ 40 ನಿಮಿಷ ತೆಗೆದುಕೊಳ್ಳುತ್ತಿತ್ತು, ಈಗ 6 ನಿಮಿಷ; ಮೂರು ತಂಡಗಳು ಬಳಸುತ್ತಿವೆ" ಎಂದು ಬರೆದಿದ್ದರು. ಮೇಜಿನ ಸುತ್ತ ಇದ್ದವರಲ್ಲಿ ಅರ್ಧದಷ್ಟು ಜನ ಇಬ್ಬರನ್ನೂ ನೋಡಿರಲಿಲ್ಲ. ಹುದ್ದೆ ಯಾರಿಗೆ ಹೋಯಿತು ಎಂದು ಹೇಳಬೇಕಿಲ್ಲ. ನನ್ನ ಹುಡುಗ ಕಡಿಮೆಯವನಾಗಿರಲಿಲ್ಲ. ನನ್ನ ಸಾಲು ಬಡವಾಗಿತ್ತು. ನಿನ್ನ ಮ್ಯಾನೇಜರಿಗೆ ಅಂಥ ಸಾಲು ಹೊಳೆಯಲಿ ಎಂದು ಕಾಯಬೇಡ. ಮೊದಲು ಹೇಗಿತ್ತು, ಈಗ ಹೇಗಿದೆ, ಯಾರು ಬಳಸುತ್ತಿದ್ದಾರೆ ಎಂದು ಅರ್ಧ ಪುಟ ನೀನೇ ಬರೆದುಕೊಡು. ನೀನು ಹೋದ ತಿಂಗಳು ಹೇಳಿದ ಆ ಟೆಸ್ಟಿಂಗ್ ಸ್ಕ್ರಿಪ್ಟಿನ ಲೆಕ್ಕ ಅದರಲ್ಲಿ ಇರಲೇಬೇಕು.

"ನೀನು ನಮ್ಮವಳೇ, ಚಿಂತೆ ಬೇಡ" ಎಂದರೂ ಅದನ್ನು ಆಫರ್ ಲೆಟರ್ ಎಂದು ತಿಳಿಯಬೇಡ. ಹಾಗೆ ಹೇಳುವವರು ಸುಳ್ಳರಲ್ಲ. ಅವರ ಮನಸ್ಸು ಹಾಗಿರುತ್ತದೆ, ಮಂಜೂರಾತಿ ಮಾತ್ರ ಕೆಲವೊಮ್ಮೆ ನಿಂತುಹೋಗುತ್ತದೆ. ಸಹಿ ಇರುವ ಪತ್ರ ಕೈಗೆ ಬರುವವರೆಗೆ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡ. ಕಾಲೇಜಿನ ಪ್ಲೇಸ್‌ಮೆಂಟ್ ಕಚೇರಿಗೂ ಈಗಲೇ ಒಮ್ಮೆ ಹೋಗಿ ಅವರ ನಿಯಮ ಕೇಳು. ಎಷ್ಟೋ ಕಾಲೇಜುಗಳಲ್ಲಿ ಒಂದು ಕೆಲಸ ಸಿಕ್ಕಿತೆಂದು ದಾಖಲಾದರೆ ಮುಂದಿನ ಸಂದರ್ಶನಗಳಿಗೆ ಕೂರಿಸುವುದಿಲ್ಲ. ಬಾಯಿಮಾತಿನ ಹೌದನ್ನು ನಂಬಿ ನೀನಾಗಿಯೇ ಹೆಸರು ತೆಗೆಸಿಕೊಂಡರೆ ಎರಡೂ ಕಡೆ ಕಳೆದುಕೊಳ್ಳುತ್ತೀಯ.

ಹುದ್ದೆ ಇಲ್ಲ ಎಂದೇ ಹೇಳಿದರೆ, ಬೇರೆ ತಂಡದಲ್ಲಿ ಇದೆಯೇ, ನಿಮ್ಮ ಹೆಸರು ಹೇಳಿ ವಿಚಾರಿಸಬಹುದೇ ಎಂದು ಅಲ್ಲೇ ಕೇಳು. ಮೂರು ತಿಂಗಳು ಇಂಟರ್ನ್‌ಶಿಪ್ ಮುಂದುವರಿಸುತ್ತೇವೆ ಎಂದರೆ ಆತುರದಲ್ಲಿ ತಲೆಯಾಡಿಸಬೇಡ. ಮೂರು ತಿಂಗಳ ನಂತರ ಏನು ಬದಲಾಗಿರುತ್ತದೆ ಎಂದು ಕೇಳು. ಅದಕ್ಕೂ 'ನೋಡೋಣ' ಎಂದರೆ ನನಗೆ ಫೋನ್ ಮಾಡು.

ಮ್ಯಾನೇಜರ್ ಜೊತೆ ಮಾತಾಡಿದ ಮೇಲೂ ಅಮ್ಮನಿಗೆ ಸದ್ಯಕ್ಕೆ ಏನೂ ಹೇಳಬೇಡ. ನಿಮ್ಮಮ್ಮ ಪತ್ರ ಬರುವ ಮೊದಲೇ ಬೀದಿಗೆಲ್ಲ ಪೇಡಾ ಹಂಚಿಬಿಡುತ್ತಾಳೆ.

ನಿನ್ನ
ಚಿಕ್ಕಮ್ಮ