ಮಂಗಳವಾರ ಬ್ಯಾಂಕಿನಲ್ಲಿ ಏನು ಕೇಳಬೇಕು

ಅಕ್ಕ-ತಂಗಿಯರೇ, ಮಂಗಳವಾರ 11 ಗಂಟೆಗೆ ಮ್ಯಾನೇಜರ್ ಸಮಯ ಕೊಟ್ಟಿದ್ದಾರೆ. ನಮ್ಮ ಸಂಘದ ಉಪ್ಪಿನಕಾಯಿ ಕೆಲಸಕ್ಕೆ ನಾವು ಕೇಳುವುದು ಒಟ್ಟು 3 ಲಕ್ಷ ಸಾಲ, ಆದರೆ ಎರಡು ಭಾಗವಾಗಿ.

ಮಸಾಲೆ ಯಂತ್ರ, ಬಾಟಲಿ ಸೀಲ್ ಮಾಡುವ ಯಂತ್ರಕ್ಕೆ 80,000. ಇದು ಕಂತಿನ ಸಾಲ. ಉಳಿದ 2,20,000 ಕ್ಯಾಶ್ ಕ್ರೆಡಿಟ್ ಆಗಿಯೇ ಬೇಕು. ಯಾಕೆಂದರೆ ಅಪ್ಪೆಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ಆಗಲೇ ವರ್ಷಕ್ಕಾಗುವಷ್ಟು ಕೊಂಡು ಉಪ್ಪಿಗೆ ಹಾಕಬೇಕು. ಉಪ್ಪಿನಕಾಯಿ ಮಾರಿ ದುಡ್ಡು ಬರುವುದು ನಿಧಾನಕ್ಕೆ, ವರ್ಷವಿಡೀ. ಮರುತಿಂಗಳೇ ಕಂತು ಶುರುವಾದರೆ ಕಟ್ಟುವುದು ಎಲ್ಲಿಂದ, ಅಲ್ವಾ? ಕ್ಯಾಶ್ ಕ್ರೆಡಿಟ್‌ನಲ್ಲಿ ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಮಾರಿದ ಹಾಗೆ ಕಟ್ಟಿ, ಮತ್ತೆ ತೆಗೆಯಬಹುದು. ಮಿಡಿ ಬರುವ ಮೊದಲೇ ಮಂಜೂರಾಗಬೇಕು, ಇದನ್ನು ಒತ್ತಿ ಹೇಳೋಣ.

“ಮಾಲು ಕೆಟ್ಟರೆ?” ಅಂತ ಖಂಡಿತ ಕೇಳುತ್ತಾರೆ. ಉಪ್ಪು ಕಡಿಮೆಯಾದರೆ ಮೇಲೆ ಬೂಷ್ಟು ಬಂದು ಮಿಡಿ ಮೆತ್ತಗಾಗುತ್ತದೆ; ಅದಕ್ಕೇ ಪ್ರತಿ ಭರಣಿಯ ಉಪ್ಪಿನ ಲೆಕ್ಕ ಬರೆದಿಟ್ಟಿದ್ದೇವೆ. ಆ ಪುಸ್ತಕ ತೋರಿಸೋಣ.

ಸಂಜೀವಿನಿ ಸಂಘಗಳಿಗೆ 10 ಲಕ್ಷದವರೆಗೆ ಅಡಮಾನ ಬೇಕಿಲ್ಲ. ಕೇಳಿದರೆ ಆರ್‌ಬಿಐ ನಿಯಮವನ್ನು ಮರ್ಯಾದೆಯಿಂದ ನೆನಪಿಸಿ.

ನಡವಳಿ ಪುಸ್ತಕ, ಉಳಿತಾಯದ ಪಾಸ್‌ಬುಕ್, ಎಫ್‌ಎಸ್‌ಎಸ್‌ಎಐ ನೋಂದಣಿ, ಅಂಗಡಿಗಳ ಬಿಲ್ಲು ಕಾರ್ಯದರ್ಶಿ ತರುತ್ತಾರೆ. ಉಳಿದವರು ಆಧಾರ್ ತನ್ನಿ.