ದೋಸೆ ಭಟ್ಟ ಯಾಕೆ ಬಿಟ್ಟುಹೋದ

ಚಿ. ರಘುವಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಸಿಟ್ಟಿನಲ್ಲಿದ್ದೆ, ಅದಕ್ಕೇ ಜಾಸ್ತಿ ಮಾತಾಡಲಿಲ್ಲ. ಆರು ತಿಂಗಳಲ್ಲಿ ನಿನ್ನ ಹೋಟೆಲಿನಿಂದ 11 ಜನ ಕೆಲಸ ಬಿಟ್ಟರು, ಈಗಿನ ಹುಡುಗರಿಗೆ ನಿಯತ್ತಿಲ್ಲ ಅಂದೆಯಲ್ಲ, ಸರಿ, ಆದರೆ ಆ 11 ಜನ ಯಾರು, ಯಾವ ಕೆಲಸದವರು, ಸೇರಿ ಎಷ್ಟು ದಿನಕ್ಕೆ ಹೋದರು ಅಂತ ಕೇಳಿದರೆ ನಿನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಒಂದು ಕಾಲಕ್ಕೆ ಇರಲಿಲ್ಲ ಬಿಡು.

ಹೋಟೆಲ್ ಶುರು ಮಾಡಿದ ಐದನೇ ವರ್ಷ ನಾನು ಒಂದು ಉದ್ದ ನೋಟ್‌ಬುಕ್ ತಂದು ಹೋದವರ ಲೆಕ್ಕ ಬರೆಯಲು ಕೂತೆ. ಹೆಸರು, ಕೆಲಸ, ಸೇರಿದ ದಿನ, ಬಿಟ್ಟ ದಿನ, ಇಷ್ಟೇ. ಎರಡು ಪುಟ ತುಂಬುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಮುಕ್ಕಾಲು ಪಾಲು ಜನ ಸೇರಿ 40 ದಿನ ಆಗುವುದರೊಳಗೆ ಹೋಗಿದ್ದರು, ಅದರಲ್ಲೂ ಹೆಚ್ಚಿನವರು ಪಾತ್ರೆ ತೊಳೆಯುವವರು. ನಾನು ಮಾತ್ರ ಸುಮ್ನೆ ಸಂಬಳ ಸಾಲದೆ ಹೋದರು ಅಂದುಕೊಂಡಿದ್ದೆ.

ಆಮೇಲೆ ಬಂದ ಒಬ್ಬ ಅಸ್ಸಾಮಿನ ಹುಡುಗನನ್ನು ಏಳನೇ ದಿನ ಮಧ್ಯಾಹ್ನ ಮೂರೂವರೆಗೆ, ಅಡುಗೆಮನೆ ತಣ್ಣಗಿರುವ ಹೊತ್ತಿಗೆ ಕೂರಿಸಿಕೊಂಡು ಟೀ ಕೊಟ್ಟೆ. ಕೆಲಸ ಹೇಗಿದೆ ಅಂದರೆ ಚೆನ್ನಾಗಿದೆ ಅಂದ. ಎಲ್ಲರೂ ಹಾಗೇ ಅನ್ನುತ್ತಾರೆ, ಹಾಗೆ ಕೇಳಲೇಬಾರದು. ಬದಲಿಗೆ, ಇಡೀ ದಿನದಲ್ಲಿ ಯಾವ ಹೊತ್ತು ನಿನಗೆ ಬೇಜಾರು ಅಂತ ಕೇಳಿದೆ. ಅವನು ಕೈ ಮುಂದೆ ಮಾಡಿದ. ಬೆರಳ ಸಂದು ಒಡೆದು ಬೆಳ್ಳಗಾಗಿತ್ತು, ಸೋಡಾ ಪುಡಿ ತಿಂದದ್ದು. ಸಿಂಕಿನ ಕೆಳಗೆ ಮೋರಿ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುತ್ತಿದ್ದ. ನಾನು ಅದೇ ಬಾಗಿಲಲ್ಲಿ ದಿನಕ್ಕೆ ಇಪ್ಪತ್ತು ಸಲ ಓಡಾಡುತ್ತಿದ್ದೆ, ಕಂಡಿರಲಿಲ್ಲ. ಎರಡು ಜೊತೆ ರಬ್ಬರ್ ಕೈಗವಸು, ಒಂದು ಜೊತೆ ಗಮ್‌ಬೂಟು, ನಿಲ್ಲಲು ಒಂದು ಮರದ ಹಲಗೆ, ಮೋರಿ ಬಿಡಿಸಿದ ಕೂಲಿ, ಖರ್ಚಾದದ್ದು ಇಷ್ಟೇ. ಅವನು ಮೂರು ವರ್ಷ ಇದ್ದ, ಹೋಗುವಾಗ ತರಕಾರಿ ಹೆಚ್ಚುವುದು, ಚಟ್ನಿ ರುಬ್ಬುವುದು ಎಲ್ಲಾ ಕಲಿತಿದ್ದ.

ನಿನ್ನ ಮ್ಯಾನೇಜರು ತಂದ ಆ ಅಪ್ರೈಸಲ್ ಫಾರ್ಮು ನೋಡಿದೆ. ಶಿಸ್ತು ಹತ್ತಕ್ಕೆ ಎಷ್ಟು, ಉತ್ಸಾಹ ಹತ್ತಕ್ಕೆ ಎಷ್ಟು, ವರ್ಷಕ್ಕೊಂದು ಸಲ. ಮೊದಲ ತಿಂಗಳಲ್ಲೇ ಬಿಟ್ಟುಹೋಗುವ ಹುಡುಗನಿಗೆ ವರ್ಷಕ್ಕೊಮ್ಮೆ ಅಂಕ ಕೊಟ್ಟು ಏನು ಬಂತು? ಏಳನೇ ದಿನ, ಮೂವತ್ತನೇ ದಿನ, ತೊಂಬತ್ತನೇ ದಿನ ಹದಿನೈದು ನಿಮಿಷ ಕೂತು ಮಾತಾಡು, ಆಮೇಲೆ ಆರು ತಿಂಗಳಿಗೊಮ್ಮೆ ಸಾಕು. ಕ್ಯಾಷ್ ಕೌಂಟರಿನ ಹತ್ತಿರ ನಿಂತು ಬೇಡ, ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಕೆಲಸ ಅಳೆಯುವುದು ಕಾಗದದ ಮೇಲಲ್ಲ, ಕಾವಲಿಯ ಮುಂದೆ. ದೋಸೆ ಹಾಕುವವನನ್ನೇ ತಗೋ. ಬೆಳಗ್ಗೆ ಎಂಟೂವರೆಯ ರಶ್ಶಿನಲ್ಲಿ ಅರ್ಧ ಗಂಟೆ, ಹನ್ನೊಂದರ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ನಿಲ್ಲು. ಕಾವಲಿ ಕಾದು ಹೋದಾಗ ನೀರು ಚಿಮುಕಿಸಿ ಒರೆಸಿ ಹದಕ್ಕೆ ತರುತ್ತಾನಾ, ಅದೇ ಸೌಟಿನಲ್ಲಿ ಅದೇ ಅಳತೆ ಬರುತ್ತದಾ, ಮೇಜಿನಿಂದ ಎಷ್ಟು ದೋಸೆ ವಾಪಸ್ ಬಂತು, ಶಿಫ್ಟು ಮುಗಿದಾಗ ಎಷ್ಟು ಹಿಟ್ಟು ಚೆಲ್ಲಿದ, ಪಕ್ಕದ ಹುಡುಗನಿಗೆ ಸೌಟು ಕೊಡುತ್ತಾನಾ ಇಲ್ಲ ಗುಟ್ಟು ಮಾಡುತ್ತಾನಾ. ಒಂದೊಂದರ ಮುಂದೆಯೂ ‘ಮಾಡುತ್ತಾನೆ’, ‘ಆಗಾಗ’, ‘ಇನ್ನೂ ಇಲ್ಲ’ ಅಂತ ಬರಿ. ಹತ್ತಕ್ಕೆ ಆರು ಅಂದರೆ ಅವನಿಗೂ ಅರ್ಥವಾಗುವುದಿಲ್ಲ, ನಿನಗೂ ಇಲ್ಲ. ದೊಡ್ಡ ಭಟ್ಟರು ಬೇರೆಯಾಗಿ ಬರೆಯಲಿ, ಆಮೇಲೆ ಎರಡನ್ನೂ ಪಕ್ಕ ಇಟ್ಟು ನೋಡು. ಭಟ್ಟರೊಬ್ಬರಿಗೇ ಬಿಟ್ಟರೆ ಅವರ ಊರಿನವರೆಲ್ಲ ‘ಮಾಡುತ್ತಾನೆ’, ಉಳಿದವರೆಲ್ಲ ‘ಇನ್ನೂ ಇಲ್ಲ’ ಆಗಿಬಿಡುತ್ತಾರೆ.

ಮಾತು ಮುಗಿಯುವಾಗ ಒಂದು ಪುಸ್ತಕದಲ್ಲಿ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಸೆಟ್ ದೋಸೆ, ರವೆ ದೋಸೆ ಎರಡೂ ಒಬ್ಬನೇ ನಿಭಾಯಿಸಿದರೆ ಮುಂದಿನ ತಿಂಗಳ 1ರಿಂದ ಸಂಬಳ ₹1,000 ಜಾಸ್ತಿ, ಈ ಥರ. ತಾರೀಖು ಇರಲೇಬೇಕು. ಮತ್ತೆ ಆ ತಾರೀಖಿಗೆ ಕೊಡಲು ಆಗದಿದ್ದರೆ ಬರೆಯಲೇಬೇಡ, ಒಮ್ಮೆ ತಪ್ಪಿದರೆ ಆ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಈಗ ನನ್ನ ದಡ್ಡತನ ಒಂದು ಹೇಳುತ್ತೇನೆ. ಯಾವುದೋ ದೊಡ್ಡ ಹೋಟೆಲಿನಲ್ಲಿ ನೋಡಿ ಬಂದು ನಾನೂ ‘ತಿಂಗಳ ಉತ್ತಮ ನೌಕರ’ ಅಂತ ಫೋಟೋ ಹಾಕುವ ಬೋರ್ಡು ಮಾಡಿಸಿದೆ. ಐದು ತಿಂಗಳಲ್ಲಿ ನಾಲ್ಕು ಸಲ ಸಪ್ಲಯರುಗಳ ಫೋಟೋನೇ ಬಂತು. ಬರದೇ ಏನು, ನನ್ನ ಕಣ್ಣಿಗೆ ಬೀಳುವವರು ಅವರೇ, ಗಿರಾಕಿ ಹೊಗಳುವುದೂ ಅವರನ್ನೇ. ಆರನೇ ತಿಂಗಳು ದೋಸೆ ಭಟ್ಟ ಹೊರಟ. ಲೆಕ್ಕ ತೀರಿಸುವಾಗ ಕೇಳಿದೆ, ಯಾಕಪ್ಪಾ? ಅವನು ಅಂದ, "ಅಣ್ಣಾ, ತಿನ್ನೋದು ನನ್ನ ದೋಸೆ, ಟಿಪ್ಸು ಅವನಿಗೆ, ಫೋಟೋನೂ ಅವನದ್ದೇ." ಹನ್ನೆರಡು ದಿನ ಬದಲಿ ಭಟ್ಟನಿಗೆ ದಿನಗೂಲಿ ಕೊಟ್ಟೆ, ಆ ದೋಸೆಗೆ ಬೆಳಗಿನ ಖಾಯಂ ಗಿರಾಕಿಗಳು ಮುಖ ತಿರುಗಿಸಿದರು.

ಬೋರ್ಡು ಇಳಿಸಿ ಟಿಪ್ಸನ್ನು ಒಂದೇ ಡಬ್ಬಿಗೆ ಹಾಕಿಸಿದೆ. ವಾರಕ್ಕೊಮ್ಮೆ, ಸೋಮವಾರ, ಎಲ್ಲರ ಎದುರು ಎಣಿಕೆ. ಒಬ್ಬೊಬ್ಬ ಸಪ್ಲಯರಿಗೆ ಮೂರು ಪಾಲು, ಅಡುಗೆಯವರಿಗೂ ಪಾತ್ರೆ-ಕ್ಲೀನಿಂಗಿನವರಿಗೂ ಎರಡೆರಡು. ಆರು ಸಪ್ಲಯರು ಅಂದರೆ 18 ಪಾಲು, ಒಳಗಿನ ಎಂಟು ಜನ ಅಂದರೆ 16, ಒಟ್ಟು 34. ಡಬ್ಬಿಯಲ್ಲಿ ₹5,100 ಇದ್ದರೆ ಪಾಲಿಗೆ ₹150, ಸಪ್ಲಯರಿಗೆ ₹450, ಒಳಗಿನವರಿಗೆ ₹300. ಮೊದಲ ತಿಂಗಳು ಸಪ್ಲಯರುಗಳು ಗೊಣಗಿದರು, ಎ.ಸಿ. ರೂಮು ನೋಡಿಕೊಳ್ಳುತ್ತಿದ್ದ ಒಬ್ಬ ಬಿಟ್ಟೇ ಹೋದ. ಅಷ್ಟು ನಷ್ಟ ಇದ್ದೇ ಇರುತ್ತದೆ, ಮೊದಲೇ ಹೇಳುತ್ತಿದ್ದೇನೆ. ಆದರೆ ಒಳಗಿಂದ ಪ್ಲೇಟು ಬೇಗ ಬರತೊಡಗಿದ್ದು ಅದೇ ತಿಂಗಳು, ಅದನ್ನು ಉಳಿದ ಸಪ್ಲಯರುಗಳೇ ಹೇಳಿದರು.

ನಿನ್ನಲ್ಲಿ ಇನ್ನೊಂದು ತೊಡಕಿದೆ. ಈಗ ಟಿಪ್ಸು ಬಿಲ್ಲಿನ ಜೊತೆ ಯುಪಿಐನಲ್ಲಿ ನೇರ ನಿನ್ನ ಅಕೌಂಟಿಗೆ ಬೀಳುತ್ತದೆ. ಹುಡುಗರಿಗೆ ಅದು ಗೊತ್ತು, ನುಂಗಿದ ಅಂತಲೇ ಅಂದುಕೊಳ್ಳುತ್ತಾರೆ. ಬಿಲ್ಲಿಗಿಂತ ಜಾಸ್ತಿ ಬಂದದ್ದನ್ನು ರಾತ್ರಿ ಕ್ಯಾಷ್ ಮುಚ್ಚುವಾಗಲೇ ನೋಟಾಗಿ ಡಬ್ಬಿಗೆ ಹಾಕು. ಇದಕ್ಕೆ ಬದಲು ಬಿಲ್ಲಿಗೇ ಸರ್ವಿಸ್ ಚಾರ್ಜ್ ಸೇರಿಸೋಣ ಅಂತ ನಿನ್ನ ಮ್ಯಾನೇಜರು ಅಂದರೆ ಕೇಳಬೇಡ. ತಾನಾಗಿ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು.

ಹೊಗಳುವುದಕ್ಕೆ ಬೋರ್ಡು ಬೇಡ. ಅದೇ ದಿನ, ಅವನ ಜೊತೆಯವರ ಎದುರು, ಮಾಡಿದ ಕೆಲಸದ ಹೆಸರು ಹಿಡಿದು ಹೇಳು. "ಇವತ್ತು ಸಾಂಬಾರು ತಳ ಹಿಡಿಯುವ ಮೊದಲೇ ನೋಡಿ ಇಳಿಸಿದೆ" ಅಂದರೆ ಅವನಿಗೆ ನಾಟುತ್ತದೆ, ‘ಗುಡ್ ಗುಡ್’ ಅಂದರೆ ಇಲ್ಲ. ಸಂಬಳ ಮಾತ್ರ ಹೇಳಿದ ದಿನವೇ ಆಗಲಿ, ಮೂರು ದಿನ ತಡವಾದರೆ ಯಾವ ಹೊಗಳಿಕೆಯೂ ಕಿವಿಗೆ ಬೀಳುವುದಿಲ್ಲ.

ಅಡ್ವಾನ್ಸು ಕೊಟ್ಟು ಕಟ್ಟಿಹಾಕುವುದು, ಆಧಾರ್ ಕಾರ್ಡು ಇಟ್ಟುಕೊಳ್ಳುವುದು, ಕೊನೆ ತಿಂಗಳ ಸಂಬಳ ಹಿಡಿಯುವುದು, ಇದೆಲ್ಲ ನಮ್ಮ ಕಾಲದಲ್ಲಿ ನಡೆಯುತ್ತಿತ್ತು. ನಾನೂ ಒಂದೆರಡು ಸಲ ಮಾಡಿದ್ದೇನೆ, ಅವರು ರಾತ್ರೋರಾತ್ರಿ ಹೋದರು. ನಿನಗೆ ಅದು ಬೇಡ.

ಮೊದಲು ಆ 11 ಜನರ ಪಟ್ಟಿ ಬರಿ. ಗೌರಿ ಹಬ್ಬಕ್ಕೆ ಬರುವಾಗ ತಗೊಂಡು ಬಾ, ಇಬ್ಬರೂ ಕೂತು ನೋಡೋಣ. ಅತ್ತೆ ಕೇಳಿದಳು ಅಂತ ಅಮ್ಮನಿಗೆ ಹೇಳು.

ನಿನ್ನ ಮಾವ