ಜಾಮೀನು ಸಹಿ ಹಾಕಿದವರು ಸಾಕ್ಷಿಯಲ್ಲ, ಸಾಲಗಾರರೇ

ಮಾನ್ಯ ಸಂಪಾದಕರೇ,

ಭಾವಮೈದುನನ ಸಾಲಕ್ಕೆ ಸಹಿ ಹಾಕುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಅವನು ಕಟ್ಟದಿದ್ದರೆ ಬ್ಯಾಂಕಿನವರು ಮೊದಲು ಅವನನ್ನು ಹಿಡಿಯುತ್ತಾರೆ, ಏನೂ ಗಿಟ್ಟದಿದ್ದರೆ ತಾನೇ ನಮ್ಮ ಸರದಿ?’ ಕಾನೂನಿನಲ್ಲಿ ಇಂಥ ಸರದಿಯೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಸಾಲಗಾರನಿಂದ ವಸೂಲಿ ಮಾಡಿ ಆಮೇಲೆ ಜಾಮೀನುದಾರನ ಹತ್ತಿರ ಹೋಗಿ ಎಂದು ಕೆಳಗಿನ ಕೋರ್ಟು ಹಾಕಿದ್ದ ಷರತ್ತನ್ನು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1968ರಲ್ಲೇ ತೆಗೆದುಹಾಕಿತು. ಆದ್ದರಿಂದ ವಸೂಲಿ ಅಧಿಕಾರಿ ಸುಲಭವಾಗಿ ಕೈಗೆ ಸಿಗುವವರನ್ನೇ ಹಿಡಿಯುತ್ತಾರೆ. ಅಂಗಡಿ ಮುಚ್ಚಿ ಊರು ಬಿಟ್ಟ ಸಾಲಗಾರನಿಗಿಂತ, ಪ್ರತಿ ತಿಂಗಳು ಸಂಬಳ ಬರುವ ಜಾಮೀನುದಾರ ಹತ್ತಿರ.

ಒಂದು ಲೆಕ್ಕ ನೋಡೋಣ. 5 ಲಕ್ಷ ರೂಪಾಯಿ ಸಾಲ, ಶೇ 12 ಬಡ್ಡಿ, 60 ಕಂತು. ತಿಂಗಳಿಗೆ ಸುಮಾರು 11,120 ರೂಪಾಯಿ. ಸಾಲಗಾರ 18 ಕಂತು ಕಟ್ಟಿ ನಿಲ್ಲಿಸಿದ. ಎರಡು ಲಕ್ಷ ಕಟ್ಟಿದ್ದಾನೆ, ಉಳಿದದ್ದು ಮೂರು ಲಕ್ಷ ಎಂದು ಜಾಮೀನುದಾರ ಅಂದುಕೊಳ್ಳುತ್ತಾನೆ. ಮೊದಲ ಕಂತುಗಳಲ್ಲಿ ದೊಡ್ಡ ಪಾಲು ಬಡ್ಡಿಗೇ ಹೋಗುವುದರಿಂದ ಬಾಕಿ ಅಸಲು ಸುಮಾರು 3.80 ಲಕ್ಷ ಇರುತ್ತದೆ. ನೋಟಿಸು, ವಾಯಿದೆ ಎನ್ನುತ್ತ ಹದಿನೈದು ತಿಂಗಳು ಕಳೆದರೆ ಬಡ್ಡಿ ಸೇರಿ 4.40 ಲಕ್ಷ ದಾಟುತ್ತದೆ. ದಂಡ ಮತ್ತು ದಾವೆ ಖರ್ಚು ಬೇರೆ. ಜಾಮೀನು ಪತ್ರದಲ್ಲಿ ಗರಿಷ್ಠ ಮೊತ್ತ ನಮೂದಾಗಿರದಿದ್ದರೆ ಇದೆಲ್ಲವೂ ಜಾಮೀನುದಾರನ ತಲೆಗೇ. ಸಹಿಗೆ ಮುಂಚೆ ‘ಇಷ್ಟು ರೂಪಾಯಿಗೆ ಮಾತ್ರ’ ಎಂದು ಬರೆಸಲು ಕೇಳಬಹುದು. ಬ್ಯಾಂಕು ಒಪ್ಪುವುದು ಅಪರೂಪ, ಆದರೆ ಕೇಳುವವರೂ ಅಪರೂಪ.

ಕೋರ್ಟು ವಸೂಲಿಗೆ ಆದೇಶ, ಅಂದರೆ ಡಿಕ್ರಿ, ಕೊಟ್ಟ ಮೇಲೆ ಸಂಬಳ ಜಪ್ತಿಗೆ ಒಂದು ಮಿತಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೊದಲ 1,000 ರೂಪಾಯಿಯನ್ನೂ ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. 46,000 ರೂಪಾಯಿ ಸಂಬಳವಿದ್ದರೆ ತಿಂಗಳಿಗೆ 15,000ದವರೆಗೆ ಹೋಗುತ್ತದೆ. ಅದೇ ಡಿಕ್ರಿಗೆ ಒಟ್ಟು 24 ತಿಂಗಳು ಜಪ್ತಿಯಾದ ಮೇಲೆ ಸಂಬಳ ಮುಟ್ಟಲಾಗದು. ಹಾಗೆಂದು ಸಾಲ ತೀರಿತು ಎಂದಲ್ಲ, ಸೈಟು ಮತ್ತು ಠೇವಣಿಯ ಮೇಲೆ ಕಣ್ಣು ಇದ್ದೇ ಇರುತ್ತದೆ. ಇನ್ನೊಂದು ಸೂಕ್ಷ್ಮ: ಈ ಮಿತಿ ಇರುವುದು ಜಪ್ತಿಗೆ. ಸಹಕಾರ ಸಂಘಗಳು ಸಾಲ ಕೊಡುವಾಗಲೇ ‘ನನ್ನ ಸಂಬಳದಿಂದ ಕಡಿತ ಮಾಡಿ’ ಎಂಬ ಒಪ್ಪಿಗೆ ಪತ್ರ ಬರೆಸಿಕೊಂಡು ಕಚೇರಿಗೆ ಕಳಿಸುವುದುಂಟು. ಆ ಹಾಳೆ ಇದ್ದರೆ ಕೋರ್ಟಿನ ದಾರಿಯೇ ಬೇಕಾಗುವುದಿಲ್ಲ. ಸಹಿ ಮಾಡುವ ಕಟ್ಟಿನಲ್ಲಿ ಅದು ಕೊನೆಯ ಹಾಳೆಯಾಗಿ ಸೇರಿಕೊಂಡಿರುತ್ತದೆ.

ಜಾಮೀನು ಪತ್ರದಲ್ಲಿ ಇನ್ನೂ ಒಂದು ವಾಕ್ಯವನ್ನು ಹುಡುಕಿ ಓದಬೇಕು. ಜಾಮೀನುದಾರನ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಿಸಿದರೆ ಬದಲಾವಣೆಯ ನಂತರದ ವ್ಯವಹಾರಕ್ಕೆ ಆತ ಹೊಣೆಯಲ್ಲ ಎಂದು ಕರಾರು ಕಾಯ್ದೆಯ 133ನೇ ಕಲಮು ಹೇಳುತ್ತದೆ. ಸಾಲಗಾರನಿಗೆ ಹೆಚ್ಚುವರಿ ಗಡುವು ಕೊಡಲು ಬ್ಯಾಂಕು ಕರಾರು ಮಾಡಿಕೊಂಡರೂ 135ನೇ ಕಲಮು ಆತನನ್ನು ಬಿಡುಗಡೆ ಮಾಡುತ್ತದೆ. ಆದರೆ ಬಹುತೇಕ ಅಚ್ಚು ನಮೂನೆಗಳಲ್ಲಿ ‘ಗಡುವು ವಿಸ್ತರಿಸಿದರೂ ಷರತ್ತು ಬದಲಿಸಿದರೂ ನನ್ನ ಹೊಣೆ ಮುಂದುವರಿಯುತ್ತದೆ’ ಎಂಬ ವಾಕ್ಯವಿರುತ್ತದೆ. ಕಾಯ್ದೆ ಕೊಟ್ಟ ರಕ್ಷಣೆಯನ್ನು ಆ ವಾಕ್ಯಕ್ಕೆ ಸಹಿ ಹಾಕಿ ನೀವೇ ಬಿಟ್ಟುಕೊಟ್ಟಿರುತ್ತೀರಿ.

ಕಂತು ತಪ್ಪಿದ್ದು ಜಾಮೀನುದಾರನಿಗೆ ಗೊತ್ತಾಗುವುದು ಎಷ್ಟೋ ಸಲ ತನ್ನದೇ ಗೃಹಸಾಲದ ಅರ್ಜಿ ತಿರಸ್ಕೃತವಾದಾಗ. ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಆ ಸಾಲ ಜಾಮೀನುದಾರನ ಹೆಸರಿನಡಿಯಲ್ಲೂ ಕಾಣಿಸುತ್ತದೆ. ವರ್ಷಕ್ಕೊಂದು ವರದಿ ಉಚಿತ, ತೆಗೆಸಿ ನೋಡಿ. 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಅದಕ್ಕೆ ಮುಂಚೆ ಒಂದೆರಡು ಕಂತು ನೀವೇ ಕಟ್ಟಿ ಖಾತೆ ಸರಿಪಡಿಸುವುದು, ಎಷ್ಟೇ ಸಿಟ್ಟು ಬಂದರೂ, ಅಗ್ಗದ ದಾರಿ.

ಕಟ್ಟುವಾಗ ಸಂಬಂಧಿಕನ ಕೈಗೆ ನಗದು ಕೊಡಬೇಡಿ. ನಿಮ್ಮ ಖಾತೆಯಿಂದ ನೇರ ಸಾಲದ ಖಾತೆಗೆ ಹಾಕಿ, ‘ಜಾಮೀನುದಾರರಿಂದ’ ಎಂದು ನಮೂದಿಸಿದ ರಸೀದಿ ಪಡೆಯಿರಿ. 145ನೇ ಕಲಮಿನಡಿ ಅದನ್ನು ಸಾಲಗಾರನಿಂದ ವಾಪಸ್ ಪಡೆಯುವ ಹಕ್ಕು ನಿಮಗಿದೆ. ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಸಾಲ ಪೂರ್ತಿ ತೀರಿಸಿದರೆ ಸಾಲಗಾರ ಅಡವಿಟ್ಟಿದ್ದ ಚಿನ್ನ, ವಾಹನ, ಪತ್ರಗಳ ಮೇಲೆ ಬ್ಯಾಂಕಿಗಿದ್ದ ಹಕ್ಕು ನಿಮಗೆ ಬರುತ್ತದೆ. ಅವನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ಇಬ್ಬರು ಜಾಮೀನುದಾರರಿದ್ದರೆ ಬ್ಯಾಂಕು ಒಬ್ಬರಿಂದಲೇ ಪೂರ್ತಿ ವಸೂಲು ಮಾಡಬಹುದು, ಅರ್ಧ ಪಾಲನ್ನು ಇನ್ನೊಬ್ಬರಿಂದ ನೀವು ಕೇಳಿಕೊಳ್ಳಬೇಕು. ಇದಕ್ಕೆಲ್ಲ ಬೇಕಾದ ಜಾಮೀನು ಪತ್ರದ ಪ್ರತಿಯನ್ನು ಸಹಿ ಹಾಕಿದ ದಿನವೇ ಕೇಳಿ ಪಡೆದಿಟ್ಟುಕೊಳ್ಳಿ, ಸುಸ್ತಿಯಾದ ಮೇಲೆ ಅದಕ್ಕಾಗಿ ಅಲೆಯಬೇಕಾಗುತ್ತದೆ.

– ಸಹಕಾರಿ ಬ್ಯಾಂಕೊಂದರ ನಿವೃತ್ತ ವಸೂಲಾತಿ ಅಧಿಕಾರಿ, ಹಾಸನ